ಸಂಶೋಧಕರು ಒಪ್ಪಿಕೊಂಡ ಕೊರತೆ, ಬಿಟ್ಟುಹೋದ ಕೊರತೆ: ಆಲಿವ್ ಎಣ್ಣೆಯ ಒಂದು ಪೇಪರ್ ಓದೋಣ

ತೀರ್ಥಹಳ್ಳಿಯಲ್ಲಿರುವ ನಮ್ಮ ಮಾವನಿಗೆ ಬಿಪಿ ಇದೆ. ಹೋದ ತಿಂಗಳು ಯಾರೋ ಫ್ಯಾಮಿಲಿ ಗ್ರೂಪಿನಲ್ಲಿ "ಆಲಿವ್ ಎಣ್ಣೆ ತಿಂದರೆ ಹೃದಯದ ಕಾಯಿಲೆ ಶೇ. 30ರಷ್ಟು ಕಡಿಮೆ, ಸಂಶೋಧನೆಯಲ್ಲಿ ಸಾಬೀತು" ಅಂತ ಹಾಕಿದರು. ಕೆಳಗೆ ಮೂಲ ಪೇಪರಿನ ಕೊಂಡಿಯೂ ಇತ್ತು. ಮಾವ ಎಣ್ಣೆಯನ್ನೂ ತಂದರು, ಪೇಪರನ್ನೂ ತೆರೆದರು. ಆಮೇಲೆ ಫೋನ್ ಮಾಡಿ ಕೇಳಿದರು: "ಅಲ್ಲ ಮಾರಾಯ, ಕೊನೆಯಲ್ಲಿ ಅವರ ಕೊರತೆಗಳನ್ನು ಅವರೇ ಬರ್ಕೊಂಡಿದ್ದಾರೆ. ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದಾರೆ ಅಂದ್ರೆ ಉಳಿದಿದ್ದೆಲ್ಲ ಸರಿ ಇರ್ಬೇಕು ಅಲ್ವಾ?"

ಈ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಏಕೆಂದರೆ ಪೇಪರ್ ಓದಲು ಶುರು ಮಾಡಿದವರು ಬಹಳಷ್ಟು ಜನ ಹೀಗೇ ಅಂದುಕೊಳ್ಳುತ್ತಾರೆ. ಮೂರು ಕೊರತೆ ಒಪ್ಪಿಕೊಂಡಿದ್ದಾರೆ ಅಂದರೆ ಇದ್ದದ್ದೇ ಮೂರು ಅಂತ. ಮಾವ ಓದಿದ ಆ ಪೇಪರಿನಲ್ಲೇ ಇದಕ್ಕೆ ಉತ್ತರ ಇದೆ, ಅದೂ ಬಹಳ ಸ್ಪಷ್ಟವಾಗಿ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

## ಮಿತಿಗಳ ಭಾಗ ಅಂದರೆ ಏನು

ವೈದ್ಯಕೀಯ ಪೇಪರುಗಳಿಗೆ ಒಂದು ಸಿದ್ಧ ಅಚ್ಚು ಇರುತ್ತದೆ. ಮೊದಲು ಯಾಕೆ ಮಾಡಿದೆವು, ಆಮೇಲೆ ಹೇಗೆ ಮಾಡಿದೆವು, ಆಮೇಲೆ ಏನು ಸಿಕ್ಕಿತು, ಕೊನೆಗೆ ಚರ್ಚೆ. ಈ ಚರ್ಚೆಯ ಬಾಲದಲ್ಲಿ, ಸಾಮಾನ್ಯವಾಗಿ ಕೊನೆಯ ಪ್ಯಾರಾಕ್ಕಿಂತ ಸ್ವಲ್ಪ ಮೇಲೆ, "ನಮ್ಮ ಅಧ್ಯಯನಕ್ಕೆ ಕೆಲವು ಮಿತಿಗಳಿವೆ" ಅಂತ ಶುರುವಾಗುವ ಒಂದು ಪ್ಯಾರಾ ಇರುತ್ತದೆ. ಇಂಗ್ಲಿಷ್ ಪೇಪರಿನಲ್ಲಿ `limitation` ಅಂತ ಹುಡುಕಿದರೆ ನೇರವಾಗಿ ಅಲ್ಲಿಗೇ ಹೋಗಬಹುದು.

ಅದನ್ನು ಬರೆಯುವವರು ಸಂಶೋಧಕರೇ. ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಮೊದಲು ಹೇಳಬೇಕು ಅನ್ನುವುದು ಬಹುಮಟ್ಟಿಗೆ ಅವರ ಕೈಯಲ್ಲೇ ಇರುತ್ತದೆ. ಪತ್ರಿಕೆಯ ಸಂಪಾದಕರು, ಪೇಪರನ್ನು ಪರಿಶೀಲಿಸುವ ಬೇರೆ ವಿಜ್ಞಾನಿಗಳು ಕೇಳಿದ ಮೇಲೆ ಸೇರುವ ಸಾಲುಗಳೂ ಇರುತ್ತವೆ. ಆದರೆ ಅವರು ನೋಡುವುದು ಕೈಗೆ ಬಂದ ಪೇಪರನ್ನು. ಪ್ರಯೋಗ ನಡೆದ ಜಾಗಕ್ಕೆ ಹೋಗಿ ನೋಡುವುದಿಲ್ಲ. ಮನೆ ಮಾರುವವರೇ ಮನೆಯ ಕೊರತೆಗಳ ಪಟ್ಟಿ ಕೊಟ್ಟಂತೆ ಇದು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಆದರೆ ಅಟ್ಟದ ಮೇಲೆ ಎಲ್ಲಿ ಸೋರುತ್ತದೆ ಅನ್ನುವುದು ಆ ಪಟ್ಟಿಯಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಕೆಲವು ಸಲ ಅವರಿಗೇ ಗೊತ್ತಿರುವುದಿಲ್ಲ.

## ಮೊದಲು ಪ್ರಯೋಗ ಏನು ಅಂತ ತಿಳಿದುಕೊಳ್ಳೋಣ

ಮಾವ ಓದಿದ್ದು 'ಪ್ರಿಡಿಮೆಡ್' ಅನ್ನುವ ಹೆಸರಿನ ಸ್ಪೇನಿನ ಪ್ರಯೋಗ. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ವೈದ್ಯಕೀಯ ಪತ್ರಿಕೆಗಳಲ್ಲಿ ಇದು ತೀರಾ ಮೇಲಿನ ಸಾಲಿನದು.

ಪ್ರಯೋಗ ಹೀಗೆ. 55ರಿಂದ 80 ವರ್ಷದ 7,447 ಜನ. ಆಗ ಯಾರಿಗೂ ಹೃದಯದ ಕಾಯಿಲೆ ಇರಲಿಲ್ಲ, ಆದರೆ ಸಕ್ಕರೆ ಕಾಯಿಲೆಯೋ, ಇಲ್ಲ ಬಿಪಿ, ಸಿಗರೇಟಿನಂಥ ಕನಿಷ್ಠ ಮೂರು ಕಾರಣಗಳೋ ಇದ್ದು ಮುಂದೆ ಬರುವ ಅಪಾಯ ಜಾಸ್ತಿ ಇದ್ದವರು. ಇವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆಲಿವ್ ಎಣ್ಣೆ, ತರಕಾರಿ, ಹಣ್ಣು, ಕಾಳು, ಮೀನು ಜಾಸ್ತಿ ಇರುವ ಮೆಡಿಟರೇನಿಯನ್ ಊಟದ ಸಲಹೆ, ಜೊತೆಗೆ ವಾರಕ್ಕೆ ಸುಮಾರು ಒಂದು ಲೀಟರ್ ಒಳ್ಳೆಯ ಆಲಿವ್ ಎಣ್ಣೆ ಪುಕ್ಕಟೆ. ಇನ್ನೊಂದು ಗುಂಪಿಗೆ ಅದೇ ಊಟದ ಸಲಹೆ, ಜೊತೆಗೆ ದಿನಕ್ಕೆ 30 ಗ್ರಾಂ ಬಾದಾಮಿ, ಅಕ್ರೋಟು, ಹೇಜಲ್‌ನಟ್ ಪುಕ್ಕಟೆ. ಮೂರನೆಯದು ಹೋಲಿಕೆ ಗುಂಪು. ಅವರಿಗೆ "ಕೊಬ್ಬು ಕಡಿಮೆ ತಿನ್ನಿ" ಅನ್ನುವ ಸಲಹೆ, ಮತ್ತೆ ತಿನ್ನುವಂಥದ್ದಲ್ಲದ ಸಣ್ಣಪುಟ್ಟ ಉಡುಗೊರೆ.

ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕು. ಇಂಥ ಪ್ರಯೋಗದ ಇಡೀ ಬಲ ನಿಂತಿರುವುದೇ ಈ ಚೀಟಿಯ ಮೇಲೆ. ಚೀಟಿ ಎತ್ತಿದರೆ ಬಡವರು, ಶ್ರೀಮಂತರು, ಓಡಾಡುವವರು, ಕೂತೇ ಇರುವವರು ಎಲ್ಲ ಗುಂಪಿನಲ್ಲೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ಆಗ ಕೊನೆಯಲ್ಲಿ ಕಂಡ ವ್ಯತ್ಯಾಸ ಊಟದಿಂದ ಬಂತು ಅಂತ ಹೇಳಲು ಧೈರ್ಯ ಬರುತ್ತದೆ.

ಸುಮಾರು ಐದು ವರ್ಷ ನೋಡಿದರು. ಎಣಿಸಿದ್ದು ಮೂರು ಸಂಗತಿಗಳನ್ನು ಒಟ್ಟು ಸೇರಿಸಿ: ಹೃದಯಾಘಾತ, ಪಾರ್ಶ್ವವಾಯು, ಹೃದಯ ಅಥವಾ ರಕ್ತನಾಳದ ಕಾಯಿಲೆಯಿಂದ ಸಾವು. ಒಟ್ಟು 288 ಜನರಿಗೆ ಇವುಗಳಲ್ಲಿ ಒಂದಲ್ಲ ಒಂದು ಆಯಿತು. ಎಣ್ಣೆ ಗುಂಪಿನಲ್ಲಿ 96, ಬೀಜಗಳ ಗುಂಪಿನಲ್ಲಿ 83, ಹೋಲಿಕೆ ಗುಂಪಿನಲ್ಲಿ 109. ಲೆಕ್ಕ ಹಾಕಿ "ಅಪಾಯ ಸುಮಾರು ಶೇ. 30 ಕಡಿಮೆ" ಅಂದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

## ಮಿತಿಗಳನ್ನು ಓದುವ ಮೊದಲು ನಿಮ್ಮ ಪಟ್ಟಿ ಬರೆದುಕೊಳ್ಳಿ

ನಾನು ಮಾವನಿಗೆ ಹೇಳಿದ್ದು ಇಷ್ಟು: ಮಿತಿಗಳ ಪ್ಯಾರಾವನ್ನು ಮೊದಲು ಓದಬೇಡಿ. ಓದಿದರೆ ನಿಮ್ಮ ತಲೆ ಅವರು ತೋರಿಸಿದ ಕಡೆಗೇ ಹೋಗುತ್ತದೆ. ಅದರ ಬದಲು 'ಹೇಗೆ ಮಾಡಿದೆವು' ಅನ್ನುವ ಭಾಗ ಓದಿ, ನಿಮಗೆ ಬರುವ ಅನುಮಾನಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ವಿಜ್ಞಾನ ಓದಿರಬೇಕು ಅಂತಿಲ್ಲ. ಯಾರನ್ನು ಸೇರಿಸಿದರು, ಗುಂಪು ಹೇಗೆ ಮಾಡಿದರು, ಯಾರಿಗೆ ಏನು ಕೊಟ್ಟರು, ಎಷ್ಟು ಜನ ಮಧ್ಯದಲ್ಲಿ ಬಿಟ್ಟುಹೋದರು, ಏನನ್ನು ಎಣಿಸಿದರು ಅನ್ನುವುದನ್ನು ಮನೆಯ ಬುದ್ಧಿಯಿಂದ ನೋಡಿದರೆ ಸಾಕು.

ಮಾವ ಕನ್ನಡಕ ಹಾಕಿಕೊಂಡು ಕೂತರು. ಅವರ ಮೊದಲ ಅನುಮಾನ ಇದು: "ವಾರಕ್ಕೆ ಒಂದು ಲೀಟರ್ ಎಣ್ಣೆ ಒಬ್ಬ ಮನುಷ್ಯ ತಿನ್ನೋಕಾಗುತ್ತಾ?"

ಇದನ್ನು ಕೇಳಿ ನಾನು ಬೆರಗಾದೆ. ಲೆಕ್ಕ ಹಾಕಿ ನೋಡಿ, ದಿನಕ್ಕೆ 140 ಮಿಲಿ ಮೀರುತ್ತದೆ. ಎಣ್ಣೆ ಗುಂಪಿಗೆ ತಿನ್ನಲು ಹೇಳಿದ್ದು ದಿನಕ್ಕೆ ನಾಲ್ಕು ದೊಡ್ಡ ಚಮಚ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಆ ಡಬ್ಬಿ ಒಬ್ಬರಿಗೆ ಅಂತ ಬಂದದ್ದಲ್ಲ, ಮನೆಗೆ ಬಂದದ್ದು. ಅಡುಗೆಮನೆ ಒಂದೇ ಇರುವಾಗ ಗಂಡನಿಗೆ ಒಂದು ಎಣ್ಣೆ, ಹೆಂಡತಿಗೆ ಒಂದು ಎಣ್ಣೆ ಅಂತ ಯಾರು ಮಾಡುತ್ತಾರೆ? ಹಾಗಾದರೆ ಗಂಡ ಹೆಂಡತಿ ಇಬ್ಬರೂ ಪ್ರಯೋಗಕ್ಕೆ ಸೇರಿದ್ದರೆ ಇಬ್ಬರಿಗೂ ಬೇರೆ ಬೇರೆ ಚೀಟಿ ಎತ್ತಿದರಾ? 2013ರ ಪೇಪರಿನಲ್ಲಿ ಇದಕ್ಕೆ ಉತ್ತರ ಇಲ್ಲ. ಈ ಪ್ರಶ್ನೆಯನ್ನು ಇಲ್ಲೇ ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

## ಒಪ್ಪಿಕೊಂಡ ಮೂರು, ಅವುಗಳ ಹಿಂದೆ ಬಂದ "ಆದರೆ"

ಈಗ ಮಿತಿಗಳ ಪ್ಯಾರಾಕ್ಕೆ ಬರೋಣ. ಸಂಶೋಧಕರು ಒಂದು, ಎರಡು, ಮೂರು ಅಂತ ಎಣಿಸಿ ಹೇಳಿದ್ದಾರೆ.

ಪ್ರತಿ ಮಿತಿ ಓದುವಾಗಲೂ ಕೇಳಬೇಕಾದದ್ದು ಒಂದೇ. ಈ ಕೊರತೆ ಫಲಿತಾಂಶವನ್ನು ಯಾವ ಕಡೆಗೆ ಎಳೆಯುತ್ತದೆ? ಕೆಲವು ಕೊರತೆಗಳು ಫಲಿತಾಂಶ ಇರುವುದಕ್ಕಿಂತ ದೊಡ್ಡದಾಗಿ ಕಾಣುವಂತೆ ಮಾಡುತ್ತವೆ, ಕೆಲವು ಚಿಕ್ಕದಾಗಿ. ಕೊರತೆಯನ್ನು ಒಪ್ಪಿಕೊಂಡ ತಕ್ಷಣ ಸಂಶೋಧಕರು "ಆದರೆ" ಅಂತ ಒಂದು ವಾಕ್ಯ ಸೇರಿಸುವುದು ರೂಢಿ. ಆ "ಆದರೆ" ಎಷ್ಟು ಗಟ್ಟಿ ಅಂತ ತಟ್ಟಿ ನೋಡಬೇಕು.

ಮೊದಲನೆಯ ಮಿತಿ. ಹೋಲಿಕೆ ಗುಂಪಿನವರನ್ನು ಶುರುವಿನ ವರ್ಷಗಳಲ್ಲಿ ಅಷ್ಟಾಗಿ ವಿಚಾರಿಸಿಕೊಂಡಿರಲಿಲ್ಲ. ವರ್ಷಕ್ಕೊಮ್ಮೆ ಒಂದು ಕರಪತ್ರ ಕೊಟ್ಟರೆ ಮುಗಿಯಿತು. ಉಳಿದ ಎರಡು ಗುಂಪುಗಳಿಗೆ ಮೂರು ತಿಂಗಳಿಗೊಮ್ಮೆ ಆಹಾರ ತಜ್ಞರ ಭೇಟಿ, ಗುಂಪು ಸಭೆ. 2006ರ ಅಕ್ಟೋಬರಿನಲ್ಲಿ ಇದನ್ನು ಸರಿಮಾಡಿ ಎಲ್ಲರಿಗೂ ಒಂದೇ ಥರ ಮಾಡಿದರು. ಇದು ಪ್ರಯೋಗ ನಡೆಯುತ್ತಿದ್ದಾಗಲೇ ನಿಯಮ ಬದಲಿಸಿದ ಹಾಗೆ. ಸಂಶೋಧಕರು ಇದನ್ನು ಚೆನ್ನಾಗಿಯೇ ಒಪ್ಪಿಕೊಂಡಿದ್ದಾರೆ, ಎಳೆತ ಮೆಡಿಟರೇನಿಯನ್ ಗುಂಪಿನ ಪರವಾಗಿಯೇ ಇರಬಹುದು ಅಂತ ಬಾಯಿಬಿಟ್ಟು ಹೇಳಿದ್ದಾರೆ. ಇಂಥ ನೇರ ಮಾತು ನನಗೆ ಇಷ್ಟವಾಗುತ್ತದೆ. ಆಮೇಲೆ "ಆದರೆ" ಬರುತ್ತದೆ. ಬದಲಾವಣೆಗೆ ಮೊದಲು ಸೇರಿದವರಲ್ಲೂ ಆಮೇಲೆ ಸೇರಿದವರಲ್ಲೂ ಊಟದ ಲಾಭದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಅಂತ.

ವ್ಯತ್ಯಾಸ ಕಾಣಲಿಲ್ಲ ಅನ್ನುವುದು ಬೇರೆ, ವ್ಯತ್ಯಾಸ ಇಲ್ಲ ಅನ್ನುವುದು ಬೇರೆ. ತರಕಾರಿ ತೂಗುವ ತಕ್ಕಡಿಯಲ್ಲಿ ಎರಡು ಉಂಗುರ ಇಟ್ಟು "ಮುಳ್ಳು ಅಲ್ಲಾಡಲಿಲ್ಲ, ಎರಡೂ ಒಂದೇ ತೂಕ" ಅಂದರೆ ಒಪ್ಪುತ್ತೇವಾ? ಇಲ್ಲಿ ಒಟ್ಟು ಘಟನೆಗಳೇ 288. ಅದನ್ನು ಮೂರು ಗುಂಪು ಮಾಡಿ, ಮತ್ತೆ ಮೊದಲು ಆಮೇಲೆ ಅಂತ ಎರಡು ಸೀಳು ಮಾಡಿದರೆ ಪ್ರತಿ ತುಂಡಿನಲ್ಲಿ ಉಳಿಯುವುದು ಕೆಲವೇ ಕೆಲವು. ಅಷ್ಟರಲ್ಲಿ ಸಣ್ಣದಿರಲಿ, ಮಧ್ಯಮ ಗಾತ್ರದ ವ್ಯತ್ಯಾಸ ಹಿಡಿಯುವುದೂ ಕಷ್ಟ. ಹಾಗಾಗಿ ಈ "ಆದರೆ" ಅರ್ಧ ಸಮಾಧಾನ ಮಾತ್ರ.

ಎರಡನೆಯ ಮಿತಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಕೆಲವರು ಪ್ರಯೋಗದ ಸಂಪರ್ಕ ತಪ್ಪಿಹೋದರು, ಅದರಲ್ಲಿ ಹೋಲಿಕೆ ಗುಂಪಿನವರೇ ಜಾಸ್ತಿ. ಮಿತಿಗಳ ಪ್ಯಾರಾದಲ್ಲಿ ಅಂಕಿ ಇಲ್ಲ, ಅದಕ್ಕೆ ಫಲಿತಾಂಶದ ಭಾಗಕ್ಕೆ ಹೋಗಬೇಕು. ಅಲ್ಲಿದೆ: ಹೋಲಿಕೆ ಗುಂಪಿನಲ್ಲಿ ಶೇ. 11.3, ಉಳಿದ ಎರಡು ಗುಂಪು ಸೇರಿ ಶೇ. 4.9. ಪುಕ್ಕಟೆ ಎಣ್ಣೆ ಬೀಜ ಸಿಗುವವರು ಉಳಿದರು, ಸಲಹೆ ಮಾತ್ರ ಸಿಕ್ಕವರು ಹೊರಟರು ಅಂದರೆ ಅದರಲ್ಲಿ ಆಶ್ಚರ್ಯ ಏನಿಲ್ಲ.

ಶೇಕಡಾವಾರನ್ನು ತಲೆ ಎಣಿಕೆಗೆ ತಂದು ನೋಡಿ. ಹೋಲಿಕೆ ಗುಂಪಿನಲ್ಲಿ ಇದ್ದದ್ದು 2,450 ಜನ. ಅದರಲ್ಲಿ ಶೇ. 11.3 ಅಂದರೆ ಸುಮಾರು 277 ಜನ. ಇಡೀ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಅಂತ ದಾಖಲಾದದ್ದು 109. ಎಣಿಕೆಗೆ ಸಿಕ್ಕ ಘಟನೆಗಳಿಗಿಂತ ಎರಡೂವರೆ ಪಟ್ಟು ಜನ ಕಣ್ಣಿಂದ ಮರೆಯಾಗಿದ್ದಾರೆ. ಅವರಿಗೆ ಆಮೇಲೆ ಏನಾಯಿತು ಅಂತ ಸರಿಯಾಗಿ ಗೊತ್ತಿಲ್ಲ.

ಇದು ಆ ಶೇ. 30ಕ್ಕೆ ಹೇಗೆ ಅಂಟಿಕೊಂಡಿದೆ ನೋಡಿ. ಎಣ್ಣೆ ಗುಂಪಿನಲ್ಲಿ 2,543 ಜನರಲ್ಲಿ 96 ಘಟನೆ, ಅಂದರೆ ನೂರಕ್ಕೆ 3.8. ಹೋಲಿಕೆ ಗುಂಪಿನಲ್ಲಿ ನೂರಕ್ಕೆ 4.4. ಇಷ್ಟನ್ನೇ ಹೋಲಿಸಿದರೆ ಅಪಾಯ ಶೇ. 15ರ ಹತ್ತಿರ ಕಡಿಮೆ ಆಗುತ್ತದೆ, 30 ಅಲ್ಲ. ಹಾಗಾದರೆ 30 ಎಲ್ಲಿಂದ ಬಂತು? ಸಂಶೋಧಕರು ತಲೆ ಎಣಿಸಲಿಲ್ಲ, ಕಾಲ ಎಣಿಸಿದರು. ಇಬ್ಬರು ಆಟೋ ಓಡಿಸುವವರ ಸಂಪಾದನೆ ಹೋಲಿಸುವಾಗ ಒಬ್ಬರು ನಾಲ್ಕು ದಿನ, ಇನ್ನೊಬ್ಬರು ಐದು ದಿನ ಓಡಿಸಿದ್ದರೆ ದಿನಕ್ಕೆ ಎಷ್ಟು ಅಂತ ನೋಡುತ್ತೇವಲ್ಲ, ಹಾಗೆ. ಬಿಟ್ಟುಹೋದವರೂ ಜಾಸ್ತಿ ಇದ್ದ ಹೋಲಿಕೆ ಗುಂಪಿನವರನ್ನು ಗಮನಿಸಿದ್ದು ಸರಾಸರಿ ನಾಲ್ಕು ವರ್ಷ, ಎಣ್ಣೆ ಗುಂಪಿನವರನ್ನು ಸುಮಾರು 4.7 ವರ್ಷ. ಕಾಲದಿಂದ ಭಾಗಿಸಿದಾಗ ಸಾವಿರ ಜನರನ್ನು ಒಂದು ವರ್ಷ ನೋಡಿದರೆ ಹೋಲಿಕೆ ಗುಂಪಿನಲ್ಲಿ 11.2 ಘಟನೆ, ಎಣ್ಣೆ ಗುಂಪಿನಲ್ಲಿ 8.1. ಅಲ್ಲಿಂದ ಬಂತು ಆ ಶೇ. 30ರ ಹತ್ತಿರದ ಸಂಖ್ಯೆ.

ಹೀಗೆ ಲೆಕ್ಕ ಹಾಕುವುದು ತಪ್ಪಲ್ಲ, ಇದೇ ಒಪ್ಪಿತ ಕ್ರಮ. ಆದರೆ ಇದರ ಒಳಗೆ ಒಂದು ಊಹೆ ಕೂತಿದೆ. ಕಣ್ಣಿಂದ ಮರೆಯಾದವರ ಗತಿಯೂ ಉಳಿದವರ ಗತಿಯ ಹಾಗೇ ಇತ್ತು ಅನ್ನುವ ಊಹೆ. ಇಲ್ಲಿ ಸಂಶೋಧಕರ "ಆದರೆ" ಏನು? ಬಿಟ್ಟುಹೋದವರ ಆರೋಗ್ಯ ಶುರುವಿನಲ್ಲೇ ಉಳಿದವರಿಗಿಂತ ಕೆಟ್ಟಿತ್ತು, ಹಾಗಾಗಿ ಅವರು ಹೋದದ್ದರಿಂದ ಹೋಲಿಕೆ ಗುಂಪಿಗೇ ಲಾಭ ಆಗಿರಬೇಕು, ನಮಗಲ್ಲ ಅಂತ. ಒಪ್ಪುವಂಥ ವಾದವೇ. ಆದರೆ ಅದು ನಿಂತಿರುವುದು ಅವರು ಸೇರಿದ ದಿನದ ಆರೋಗ್ಯದ ಮೇಲೆ. ಹೋದ ಮೇಲೆ ಏನಾಯಿತು ಅನ್ನುವುದರ ಮೇಲಲ್ಲ. ಫಲಿತಾಂಶದ ದೊಡ್ಡ ಪಾಲು ತೂಗಿರುವ ಜಾಗಕ್ಕೆ ಪ್ಯಾರಾದಲ್ಲಿ ಸಿಕ್ಕಿದ್ದು ಒಂದೇ ಒಂದು ವಾಕ್ಯ.

ಮೂರನೆಯ ಮಿತಿ ಎಲ್ಲ ಪೇಪರಿನಲ್ಲೂ ಸಿಗುವಂಥದ್ದು. ಇವರೆಲ್ಲ ಮೆಡಿಟರೇನಿಯನ್ ದೇಶದವರು, ಅಪಾಯ ಜಾಸ್ತಿ ಇದ್ದವರು, ಬೇರೆಯವರಿಗೆ ಇದು ಅನ್ವಯಿಸುತ್ತದಾ ಅಂತ ಇನ್ನೂ ನೋಡಬೇಕು ಅಂತ. ಇದನ್ನು ಬರೆದರೆ ಸಂಶೋಧಕರಿಗೆ ಏನೂ ಕಳೆಯುವುದಿಲ್ಲ, ಏಕೆಂದರೆ ಇದು ಫಲಿತಾಂಶವನ್ನು ಅಲ್ಲಾಡಿಸುವುದಿಲ್ಲ, ಅದರ ಬೇಲಿ ಎಲ್ಲಿದೆ ಅಂತ ಮಾತ್ರ ಹೇಳುತ್ತದೆ. ಆದರೆ ತೀರ್ಥಹಳ್ಳಿಯಲ್ಲಿ ಕೂತು ಓದುವವರಿಗೆ ಮೂರರಲ್ಲಿ ಇದೇ ಮುಖ್ಯ. ಬೇಲಿಯ ಆಚೆ ಇರುವವರು ನಾವು.

## ಪ್ಯಾರಾದಲ್ಲಿ ಬಾರದೇ ಹೋದದ್ದು

ಈಗ ನಿಮ್ಮ ಕಾಗದದ ಪಟ್ಟಿಯನ್ನು ಅವರ ಪಟ್ಟಿಯ ಪಕ್ಕದಲ್ಲಿ ಇಡಿ. ನಿಮ್ಮಲ್ಲಿ ಇದ್ದು ಅವರಲ್ಲಿ ಇಲ್ಲದ್ದು ಏನು?

ನನ್ನ ಪಟ್ಟಿಯಲ್ಲಿ ಮೊದಲು ಇದ್ದದ್ದು ಹೋಲಿಕೆ ಗುಂಪಿನ ಊಟ. ಕೊಬ್ಬು ಕಡಿಮೆ ಮಾಡಿ ಅಂತ ಅವರಿಗೆ ಹೇಳಿದ್ದೇನೋ ಹೌದು. ನಿಜಕ್ಕೂ ಕಡಿಮೆ ಮಾಡಿದರಾ? ಅಂಕಿ ನೋಡಿದರೆ ಊಟದ ಶಕ್ತಿಯಲ್ಲಿ ಕೊಬ್ಬಿನಿಂದ ಬರುತ್ತಿದ್ದ ಪಾಲು ಸುಮಾರು ಶೇ. 39 ಇದ್ದದ್ದು 37ಕ್ಕೆ ಇಳಿದಿದೆ, ಅಷ್ಟೆ. ಇದನ್ನು ಕೊಬ್ಬು ಕಡಿಮೆ ಇರುವ ಊಟ ಅನ್ನಲು ಬಾಯಿ ಬರುವುದಿಲ್ಲ. ಅವರು ತಿಂದದ್ದು ಹೆಚ್ಚುಕಡಿಮೆ ಯಾವಾಗಲೂ ತಿನ್ನುವ ಸ್ಪೇನಿನ ಊಟವನ್ನೇ. ಅಂದರೆ ಈ ಪ್ರಯೋಗ ನಿಜವಾಗಿ ಹೋಲಿಸಿದ್ದು ಸ್ಪೇನಿನವರ ಮಾಮೂಲಿ ಊಟವನ್ನು, ಅದೇ ಊಟದ ಜೊತೆ ಪುಕ್ಕಟೆ ಎಣ್ಣೆ ಬೀಜ ಮತ್ತು ಮೇಲಿಂದ ಮೇಲೆ ಸಲಹೆ ಸಿಕ್ಕವರ ಊಟದ ಜೊತೆ. ಸಂಖ್ಯೆಗಳನ್ನು ಬಚ್ಚಿಟ್ಟಿಲ್ಲ, ಕೊಟ್ಟಿದ್ದಾರೆ. ಆದರೆ ಮಿತಿಗಳ ಎಣಿಕೆಯಲ್ಲಿ ಇದು ಬಂದಿಲ್ಲ.

ಬಹಳ ಸಲ ಹೀಗೇ ಆಗುತ್ತದೆ. ಬಿಟ್ಟುಹೋದ ಕೊರತೆ ಪೇಪರಿನ ಇನ್ನೊಂದು ಮೂಲೆಯಲ್ಲಿ ಬರೀ ಒಂದು ಅಂಕಿಯಾಗಿ ಕೂತಿರುತ್ತದೆ, ಕೊರತೆ ಅಂತ ಹೆಸರು ಹಾಕಿಸಿಕೊಳ್ಳದೆ.

ಎಣಿಸಿದ ಮೂರು ಸಂಗತಿಗಳ ವಿಷಯವೂ ಇದೇ. ಮೂರನ್ನೂ ಸೇರಿಸಿದಾಗ ಲಾಭ ಕಂಡಿತು. ಬಿಡಿಸಿ ನೋಡಿದಾಗ ಖಚಿತವಾಗಿ ಕಡಿಮೆಯಾದದ್ದು ಪಾರ್ಶ್ವವಾಯು ಒಂದೇ. ಹೃದಯಾಘಾತ ಮತ್ತು ಸಾವಿನಲ್ಲಿ ಕಂಡ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಫಲಿತಾಂಶದ ಭಾಗದಲ್ಲಿ ಇದನ್ನು ಹೇಳಿದ್ದಾರೆ. ಗ್ರೂಪಿಗೆ ಬಂದ ಸಂದೇಶದಲ್ಲಿ ಮಾತ್ರ ಅದು "ಹೃದಯದ ಕಾಯಿಲೆ ಕಡಿಮೆ" ಅಂತಾಗಿತ್ತು.

ಇನ್ನೊಂದು, ಪ್ರಯೋಗವನ್ನು ಅಂದುಕೊಂಡದ್ದಕ್ಕಿಂತ ಮೊದಲೇ ನಿಲ್ಲಿಸಿದರು. ಮಧ್ಯದಲ್ಲಿ ಲೆಕ್ಕ ನೋಡಿದಾಗ ಲಾಭ ಸ್ಪಷ್ಟವಾಗಿ ಕಂಡಿತು ಅಂತ. ಹೀಗೆ ನಿಲ್ಲಿಸುವುದಕ್ಕೆ ಮೊದಲೇ ಬರೆದಿಟ್ಟ ನಿಯಮ ಇರುತ್ತದೆ, ಅದರಲ್ಲಿ ಮೋಸ ಏನಿಲ್ಲ. ಆದರೆ ಸಂಖ್ಯೆ ಮೇಲೆ ಕೆಳಗೆ ಆಡುತ್ತಿರುವಾಗ ಮೇಲಿದ್ದ ಕ್ಷಣದಲ್ಲಿ ನಿಲ್ಲಿಸಿದರೆ ಲಾಭ ಇರುವುದಕ್ಕಿಂತ ಸ್ವಲ್ಪ ದೊಡ್ಡದಾಗಿ ಕಾಣುವ ಸಾಧ್ಯತೆ ಇದ್ದೇ ಇರುತ್ತದೆ. ಆ ಮೂರರಲ್ಲಿ ಇದೂ ಇರಲಿಲ್ಲ.

## ಓದಿ ಹಿಡಿಯಲಾಗದ್ದು

ಈಗ ಮಾವನ ಒಂದು ಲೀಟರ್ ಎಣ್ಣೆಗೆ ವಾಪಸ್ ಬರೋಣ.

2017ರಲ್ಲಿ ಜಾನ್ ಕಾರ್ಲೈಲ್ ಅನ್ನುವ ಬ್ರಿಟನ್ನಿನ ಅರಿವಳಿಕೆ ವೈದ್ಯರು ಒಂದು ದೊಡ್ಡ ಕೆಲಸ ಮಾಡಿದರು. 5,087 ಪ್ರಯೋಗಗಳ ಮೊದಲ ಕೋಷ್ಟಕವನ್ನು ತೆಗೆದುಕೊಂಡರು. ಪ್ರಯೋಗ ಶುರುವಾದ ದಿನ ಪ್ರತಿ ಗುಂಪಿನ ವಯಸ್ಸು, ತೂಕ, ಎತ್ತರ ಎಷ್ಟಿತ್ತು ಅಂತ ಹೇಳುವ ಕೋಷ್ಟಕ ಅದು. ನಿಜವಾಗಿ ಚೀಟಿ ಎತ್ತಿದ್ದರೆ ಗುಂಪುಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸ ಇರಬೇಕು, ತೀರಾ ಜಾಸ್ತಿಯೂ ಇರಬಾರದು, ಅನುಮಾನ ಬರುವಷ್ಟು ಕಡಿಮೆಯೂ ಇರಬಾರದು. ಆ ಅಳತೆಗೆ ಹೊಂದದ ಪ್ರಯೋಗಗಳನ್ನು ಅವರು ಗುರುತಿಸಿದರು. ಅದರಲ್ಲಿ ಪ್ರಿಡಿಮೆಡ್ ಕೂಡ ಇತ್ತು.

ಪತ್ರಿಕೆಯವರು ಸಂಶೋಧಕರನ್ನು ಕೇಳಿದರು, ಸಂಶೋಧಕರು ತಮ್ಮ ಹಳೆಯ ದಾಖಲೆಗಳನ್ನೆಲ್ಲ ತೆಗೆದು ಕೂತರು. ಆಗ ಗೊತ್ತಾದದ್ದು ಇದು. ಒಂದೇ ಮನೆಯಿಂದ ಎರಡನೆಯವರು ಸೇರಿದಾಗ ಅವರಿಗೆ ಚೀಟಿಯನ್ನೇ ಎತ್ತಿರಲಿಲ್ಲ, ಮೊದಲನೆಯವರು ಯಾವ ಗುಂಪಿನಲ್ಲಿದ್ದರೋ ಅದಕ್ಕೇ ಹಾಕಿದ್ದರು. ಅಂಥವರು 425 ಜನ. ಒಂದು ಕೇಂದ್ರದಲ್ಲಿ ಇನ್ನೂ ದೊಡ್ಡದು ಆಗಿತ್ತು. ಪಕ್ಕದ ಮನೆಯವರಿಗೆ ಎಣ್ಣೆ ಕೊಟ್ಟು ನಮಗೆ ಯಾಕಿಲ್ಲ ಅಂತ ಜನ ತಕರಾರು ತೆಗೆದರು ಅಂತ ಅಲ್ಲಿನ ಸಂಶೋಧಕರೊಬ್ಬರು ಇಡೀ ಕ್ಲಿನಿಕ್ಕಿಗೆ ಒಂದೇ ಗುಂಪು ಕೊಟ್ಟುಬಿಟ್ಟಿದ್ದರು. ಇನ್ನೊಂದು ಕೇಂದ್ರದಲ್ಲಿ ಚೀಟಿಯ ಪಟ್ಟಿಯನ್ನು ಸರಿಯಾಗಿ ಬಳಸಿರಲಿಲ್ಲ ಅನ್ನುವ ಅನುಮಾನ ಇತ್ತು.

ತಕರಾರು ತೆಗೆದ ಆ ಜನರನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟವಲ್ಲ. ಒಂದೇ ಬೀದಿಯಲ್ಲಿ ಒಬ್ಬರ ಮನೆಗೆ ಎಣ್ಣೆ ಡಬ್ಬಿ ಬಂದು ಇನ್ನೊಬ್ಬರಿಗೆ ಕರಪತ್ರ ಬಂದರೆ ನಮ್ಮೂರಲ್ಲೂ ಅದೇ ಆಗುತ್ತಿತ್ತು.

ಇದರಿಂದ ಏನು ಕೆಟ್ಟಿತು? ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು. ಆದರೆ ಒಂದೇ ಪಾತ್ರೆಯಿಂದ ಐವತ್ತು ಅಗುಳು ಒತ್ತಿ ನೋಡಿ "ಐವತ್ತು ಪಾತ್ರೆ ಪರೀಕ್ಷೆ ಮಾಡಿದೆ" ಅನ್ನಲಾಗುವುದಿಲ್ಲ. ಇಡೀ ಕ್ಲಿನಿಕ್ಕಿಗೆ ಒಂದೇ ಚೀಟಿ ಎತ್ತಿದರೆ ಐವತ್ತು ಜನ ಐವತ್ತು ಬೇರೆ ಬೇರೆ ಪರೀಕ್ಷೆ ಆಗುವುದಿಲ್ಲ. ಆ ಊರಿನ ವೈದ್ಯರು, ಆಸ್ಪತ್ರೆ ಎಷ್ಟು ದೂರ, ಜನ ಎಷ್ಟು ನಡೆಯುತ್ತಾರೆ ಎಲ್ಲವೂ ಒಂದೇ ಗುಂಪಿನ ಜೊತೆ ಅಂಟಿಕೊಳ್ಳುತ್ತವೆ. ಆಮೇಲೆ ಅಲ್ಲಿ ಪಾರ್ಶ್ವವಾಯು ಕಡಿಮೆ ಆದರೆ ಅದು ಎಣ್ಣೆಯಿಂದಲೋ ಊರಿನಿಂದಲೋ ಅಂತ ಬಿಡಿಸಲು ಆಗುವುದಿಲ್ಲ.

2013ರ ಮಿತಿಗಳ ಪ್ಯಾರಾದಲ್ಲಿ ಇದರ ಸುಳಿವೇ ಇಲ್ಲ. ಇದ್ದ ಕೊರತೆಗಳಲ್ಲಿ ಇದೇ ಅತಿ ದೊಡ್ಡದು. ಮನೆಯಲ್ಲಿ ಕೂತು ಎಷ್ಟು ಓದಿದರೂ ಕ್ಲಿನಿಕ್ಕಿನ ವಿಷಯ ಗೊತ್ತಾಗುತ್ತಿರಲಿಲ್ಲ, ಈ ಮಾತನ್ನು ನೇರವಾಗಿಯೇ ಹೇಳಬೇಕು. ಆದರೆ ಮನೆಮಂದಿಯ ಪ್ರಶ್ನೆ ಆ ಒಂದು ಲೀಟರ್‌ನಲ್ಲೇ ಇತ್ತು, ಓದುವವರು ಕೇಳಬಹುದಿತ್ತು. ಅದಕ್ಕೇ ನನ್ನ ಪಟ್ಟಿಯಲ್ಲಿ ಎರಡು ಥರದ ಖಾಲಿ ಜಾಗ ಇಟ್ಟುಕೊಳ್ಳುತ್ತೇನೆ. ಒಂದು, ಪೇಪರಿನಲ್ಲೇ ಅಂಕಿ ಇದ್ದೂ ಮಿತಿ ಅಂತ ಹೇಳದೇ ಹೋದದ್ದು. ಇನ್ನೊಂದು, ಪೇಪರ್ ಉತ್ತರವನ್ನೇ ಕೊಡದ ಪ್ರಶ್ನೆ. ಎರಡನೆಯದರ ಮುಂದೆ "ತಪ್ಪು" ಅಂತ ಬರೆಯುವುದಿಲ್ಲ, "ಗೊತ್ತಿಲ್ಲ" ಅಂತ ಬರೆಯುತ್ತೇನೆ. ಪೇಪರಿನ ಜೊತೆ ಬರುವ ಪೂರಕ ಕಡತ, ಪ್ರಯೋಗ ನೋಂದಾಯಿಸಿದ ಪುಟ, ಆಮೇಲೆ ಬಂದ ತಿದ್ದುಪಡಿಗಳು, ಈ ಮೂರನ್ನು ನೋಡಿದರೆ ಕೆಲವಕ್ಕೆ ಉತ್ತರ ಸಿಗುತ್ತದೆ. ಪ್ರಿಡಿಮೆಡ್‌ನ ನೋಂದಣಿ ಸಂಖ್ಯೆ `ISRCTN35739639`. ಇಂಥ ಸಂಖ್ಯೆ ಸಾಮಾನ್ಯವಾಗಿ ಪೇಪರಿನ ಸಾರಾಂಶದ ಕೊನೆಯಲ್ಲೇ ಇರುತ್ತದೆ.

## ಆಮೇಲೆ ಏನಾಯಿತು

2018ರ ಜೂನ್‌ನಲ್ಲಿ ಸಂಶೋಧಕರು 2013ರ ಪೇಪರನ್ನು ವಾಪಸ್ ತೆಗೆದುಕೊಂಡರು. ಅದೇ ದಿನ ಅದೇ ಪತ್ರಿಕೆಯಲ್ಲಿ ಹೊಸ ಲೆಕ್ಕದೊಂದಿಗೆ ಮತ್ತೆ ಪ್ರಕಟಿಸಿದರು. ಮನೆಮಂದಿಯನ್ನು, ಕ್ಲಿನಿಕ್ಕುಗಳನ್ನು ಗುಂಪಾಗಿ ಪರಿಗಣಿಸಿ ಮತ್ತೆ ಲೆಕ್ಕ ಮಾಡಿದರು. ಚೀಟಿಯಲ್ಲಿ ಎಡವಟ್ಟಾಗಿದೆ ಅಥವಾ ಆಗಿರಬಹುದು ಅನ್ನಿಸಿದ 1,588 ಜನರನ್ನು ಪೂರ್ತಿ ಬಿಟ್ಟೂ ನೋಡಿದರು. ಎಣ್ಣೆ ಗುಂಪಿನ ಅಪಾಯ ಮೊದಲು ಹೋಲಿಕೆ ಗುಂಪಿನ 0.70 ಪಟ್ಟು ಅಂತಿತ್ತು, ಹೊಸ ಲೆಕ್ಕದಲ್ಲಿ 0.69 ಆಯಿತು. ಬೀಜಗಳ ಗುಂಪಿನದು 0.72 ಇದ್ದದ್ದು ಹಾಗೇ ಉಳಿಯಿತು. ಆ 1,588 ಜನರನ್ನು ಬಿಟ್ಟಾಗಲೂ ಚಿತ್ರ ಹೆಚ್ಚು ಬದಲಾಗಲಿಲ್ಲ.

ಅಂದರೆ ಬಿಟ್ಟುಹೋದ ಕೊರತೆ ಸಂಖ್ಯೆಯನ್ನು ಉರುಳಿಸಲಿಲ್ಲ. ಬದಲಾದದ್ದು ಮಾತು. 2013ರ ತೀರ್ಮಾನದಲ್ಲಿ ಈ ಊಟ ಹೃದಯ, ರಕ್ತನಾಳದ ಗಂಭೀರ ಘಟನೆಗಳನ್ನು "ಕಡಿಮೆ ಮಾಡಿತು" ಅಂತಿತ್ತು. 2018ರಲ್ಲಿ ಅದು, ಈ ಊಟದ ಗುಂಪಿಗೆ ಹಾಕಿದವರಲ್ಲಿ ಅಂಥ ಘಟನೆಗಳು ಉಳಿದವರಿಗಿಂತ "ಕಡಿಮೆ ಇದ್ದವು" ಅಂತಾಯಿತು. ಮೊದಲನೆಯದು ಊಟವೇ ಕಾರಣ ಅನ್ನುತ್ತದೆ, ಎರಡನೆಯದು ಕಂಡದ್ದನ್ನಷ್ಟೇ ಹೇಳುತ್ತದೆ. ಚೀಟಿ ಗಟ್ಟಿ ಇದ್ದಾಗ ಮಾತ್ರ ಮೊದಲನೆಯ ಮಾತು ಆಡಲು ಸಾಧ್ಯ.

ಗ್ರೂಪಿನಲ್ಲಿ ಬಂದ ಕೊಂಡಿ 2013ರದ್ದು. ಮಾವನಿಗೆ ಅದನ್ನು ತೋರಿಸಿದೆ, ಹೊಸ ಪೇಪರಿನ ಕೊಂಡಿಯನ್ನೂ ಕಳಿಸಿದೆ. ಎಣ್ಣೆ ಏನು ಮಾಡಲಿ ಅಂತ ಕೇಳಿದರು. ತಂದಿದ್ದೀರಿ, ಬಳಸಿ, ಅದರಲ್ಲಿ ತೊಂದರೆ ಏನಿಲ್ಲ ಅಂದೆ. ಆದರೆ ಕಡಲೆಕಾಯಿ ಎಣ್ಣೆ ಬಿಟ್ಟು ಆಲಿವ್‌ಗೆ ಹೋದರೆ ನಿಮಗೆ ಎಷ್ಟು ಲಾಭ ಅನ್ನುವ ಪ್ರಶ್ನೆಯನ್ನು ಆ ಪ್ರಯೋಗ ಕೇಳಿಯೇ ಇಲ್ಲ, ಹಾಗಾಗಿ ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಂತಲೂ ಹೇಳಿದೆ.